ಅಸಮಂಜಸತೆಯೋ, ಪ್ರಮಾಣಬದ್ಧತೆಯೋ: ಒಂದು ಪುಟದ ಉತ್ತರಕ್ಕೆ ಯಾವುದನ್ನು ಹಿಡಿಯಬೇಕು?

ಆಡಳಿತ ಕಾನೂನಿನ ಪರೀಕ್ಷೆ ಹತ್ತಿರ ಬಂದಾಗ ಹಾಸನ, ಚಿಕ್ಕಮಗಳೂರು ಕಡೆಯ ಎಲ್‌ಎಲ್‌ಬಿ ವಿದ್ಯಾರ್ಥಿಗಳು ನನ್ನನ್ನು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ಅಧಿಕಾರಿಯೊಬ್ಬರು ಆದೇಶ ಹೊರಡಿಸಿದ್ದಾರೆ. ಅದನ್ನು ಹೈಕೋರ್ಟಿನಲ್ಲಿ ಪ್ರಶ್ನಿಸಬೇಕು. ಆದೇಶ ಅಸಮಂಜಸ ಅಂತ ಬರೆಯಬೇಕೋ, ಪ್ರಮಾಣ ಮೀರಿದ್ದು ಅಂತ ಬರೆಯಬೇಕೋ? ಸುಮ್ನೆ ಎರಡನ್ನೂ ಬರೆದುಬಿಟ್ಟರೆ ಆಗುತ್ತಾ? ಮೊದಲ ರಿಟ್ ಅರ್ಜಿ ಡ್ರಾಫ್ಟ್ ಮಾಡಲು ಕೂತ ಜೂನಿಯರ್ ವಕೀಲರಿಗೂ ಇದೇ ಗೊಂದಲ.

ಗೈಡುಗಳು ಇದನ್ನು ಹಳತು ಮತ್ತು ಹೊಸತಿನ ಕಥೆ ಮಾಡಿಬಿಡುತ್ತವೆ. ಅಸಮಂಜಸತೆ, ಅಂದರೆ ವೆಡ್ನೆಸ್‌ಬರಿ ಪರೀಕ್ಷೆ, ಹಳೆಯದು. ಪ್ರಮಾಣಬದ್ಧತೆ, ಅಂದರೆ ಪ್ರಪೋರ್ಷನಾಲಿಟಿ, ಹೊಸದು. ಹಾಗಾಗಿ ಎರಡನೆಯದೇ ಮೇಲು. ಈ ಮಾತನ್ನು ನಾನು ಒಪ್ಪುವುದಿಲ್ಲ. ಎರಡೂ ಇವತ್ತಿಗೂ ಚಾಲ್ತಿಯಲ್ಲಿವೆ. ಕೆಲವು ಕೇಸುಗಳಲ್ಲಿ ಹಳೆಯದೇ ಚುರುಕು. ಯಾವುದು ಯಾವಾಗ ಅನ್ನೋದಕ್ಕೆ ಮೊದಲು ಅಳತೆಗೋಲು ಬೇಕು.

ನಾನು ಮೂರು ವಿಷಯ ನೋಡುತ್ತೇನೆ. ಮೊದಲನೆಯದು, ಆದೇಶದಿಂದ ಹೋದದ್ದು ಏನು? ಸಂವಿಧಾನ ಕೊಟ್ಟ ಮೂಲಭೂತ ಹಕ್ಕೋ, ಅಥವಾ ಟೆಂಡರ್, ಬಡ್ತಿ, ವರ್ಗಾವಣೆಯಂಥ ಸಾಮಾನ್ಯ ವಿಷಯವೋ? ಎರಡನೆಯದು, ತಪ್ಪು ಎಲ್ಲಿದೆ? ಅಧಿಕಾರಿ ಯೋಚಿಸಿದ ದಾರಿಯಲ್ಲೋ, ಅಥವಾ ದಾರಿ ಸರಿಯಿದ್ದು ಕೊನೆಯಲ್ಲಿ ಕೊಟ್ಟ ಪೆಟ್ಟು ಜಾಸ್ತಿಯಾಗಿದೆಯೋ? ಮೂರನೆಯದು, ಕೈಯಲ್ಲಿ ಯಾವ ಕಾಗದಗಳಿವೆ? ಪರೀಕ್ಷೆಯಲ್ಲಾದರೆ ಈ ಮೂರನೆಯದರ ಜಾಗದಲ್ಲಿ, ಪ್ರಶ್ನೆಯಲ್ಲಿ ಯಾವ ಸಂಗತಿಗಳನ್ನು ಕೊಟ್ಟಿದ್ದಾರೆ ಅಂತ ನೋಡಿ.

ಈಗ ಅಸಮಂಜಸತೆಗೆ ಬರೋಣ. ಇಂಗ್ಲೆಂಡಿನ ವೆಡ್ನೆಸ್‌ಬರಿ ಅನ್ನುವ ಊರಿನ ನಗರಸಭೆ ಒಂದು ಚಿತ್ರಮಂದಿರಕ್ಕೆ ಭಾನುವಾರ ಪ್ರದರ್ಶನ ನಡೆಸಲು ಅನುಮತಿ ಕೊಟ್ಟಿತು. ಜೊತೆಗೆ ಒಂದು ಷರತ್ತು ಹಾಕಿತು. ಹದಿನೈದು ವರ್ಷದೊಳಗಿನ ಮಕ್ಕಳನ್ನು ಆ ದಿನ ಒಳಗೆ ಬಿಡಬಾರದು, ದೊಡ್ಡವರು ಜೊತೆಗಿದ್ದರೂ ಬಿಡಬಾರದು. ಚಿತ್ರಮಂದಿರದವರು ಕೋರ್ಟಿಗೆ ಹೋದರು. 1947ರಲ್ಲಿ ತೀರ್ಪು ಬಂತು. ಲಾರ್ಡ್ ಗ್ರೀನ್ ಹೇಳಿದ್ದು ಇಷ್ಟು: ನ್ಯಾಯಾಲಯ ತನಗೆ ಸರಿ ಕಂಡದ್ದನ್ನು ಅಧಿಕಾರಿಯ ಜಾಗದಲ್ಲಿ ಕೂರಿಸುವ ಹಾಗಿಲ್ಲ. ಬುದ್ಧಿ ನೆಟ್ಟಗಿರುವ ಯಾವ ಅಧಿಕಾರಿಯೂ ಮಾಡಲಾರದಂಥ ತೀರ್ಮಾನ ಆಗಿದ್ದರೆ ಮಾತ್ರ ಕೈ ಹಾಕಬಹುದು. ಚಿತ್ರಮಂದಿರ ಸೋತಿತು. ಇದನ್ನು ಬಹಳ ಜನ ಮರೆಯುತ್ತಾರೆ. ಈ ಪರೀಕ್ಷೆಗೆ ಹೆಸರು ಕೊಟ್ಟ ಕೇಸಿನಲ್ಲೇ ಅರ್ಜಿದಾರರು ಗೆಲ್ಲಲಿಲ್ಲ. ಮಿತಿ ಎಷ್ಟು ಎತ್ತರದಲ್ಲಿದೆ ಅನ್ನೋದು ಅಲ್ಲೇ ಗೊತ್ತಾಗುತ್ತದೆ, ಅಲ್ವಾ?

ಆದರೆ ಅದೇ ತೀರ್ಪಿನಲ್ಲಿ ಇನ್ನೊಂದು ಭಾಗವೂ ಇದೆ. ಅಧಿಕಾರಿ ನೋಡಬೇಕಾದ ಸಂಗತಿಯನ್ನು ನೋಡಿದ್ದಾರಾ? ನೋಡಬಾರದ್ದನ್ನು ಬಿಟ್ಟಿದ್ದಾರಾ? ಈ ಪ್ರಶ್ನೆಗಳೂ ವೆಡ್ನೆಸ್‌ಬರಿಯೊಳಗೇ ಬರುತ್ತವೆ. ಇಲ್ಲಿ ತೀರ್ಮಾನ ಹುಚ್ಚುತನದ್ದು ಅಂತ ತೋರಿಸಬೇಕಾಗಿಲ್ಲ. ತೀರ್ಮಾನಕ್ಕೆ ಬಂದ ದಾರಿ ತಪ್ಪಿದೆ ಅಂತ ತೋರಿಸಿದರೆ ಸಾಕು. ಪ್ರಾಕ್ಟೀಸಿನಲ್ಲಿ ಅಸಮಂಜಸತೆಯ ನಿಜವಾದ ಬಲ ಇರುವುದು ಇಲ್ಲೇ. ಉತ್ತರ ಬರೆಯುವವರು ‘ಬುದ್ಧಿ ನೆಟ್ಟಗಿರುವ ಯಾರೂ’ ಅನ್ನುವ ಒಂದೇ ಸಾಲನ್ನು ಬರೆದು ಇದನ್ನು ಬಿಟ್ಟುಬಿಡುತ್ತಾರೆ.

ಪ್ರಮಾಣಬದ್ಧತೆ ಕೇಳುವ ಪ್ರಶ್ನೆಯೇ ಬೇರೆ. ನೆಗಡಿ ಬಂತು ಅಂತ ಮೂಗು ಕೊಯ್ದಿದ್ದಾರಾ ಅಂತ ಅದು ನೋಡುತ್ತದೆ. ಹಾಗೆ ನೋಡಲು ಮೆಟ್ಟಿಲುಗಳಿವೆ. ಸುಪ್ರೀಂ ಕೋರ್ಟ್ 2016ರ ಮಾಡರ್ನ್ ಡೆಂಟಲ್ ಕಾಲೇಜ್ ಕೇಸಿನಲ್ಲಿ ಇವನ್ನು ನಾಲ್ಕಾಗಿ ಬಿಡಿಸಿ ಹೇಳಿದೆ. ಆದೇಶದ ಉದ್ದೇಶ ಒಪ್ಪತಕ್ಕದ್ದೇ? ತೆಗೆದುಕೊಂಡ ಕ್ರಮಕ್ಕೂ ಆ ಉದ್ದೇಶಕ್ಕೂ ಸಂಬಂಧ ಇದೆಯೇ? ಹಕ್ಕಿಗೆ ಇದಕ್ಕಿಂತ ಕಡಿಮೆ ಪೆಟ್ಟು ಕೊಟ್ಟು ಅದೇ ಕೆಲಸ ಸಾಧಿಸುವ ಬೇರೆ ದಾರಿ ಇತ್ತೇ? ಕೊನೆಗೆ, ಬರುವ ಲಾಭಕ್ಕೂ ಹಕ್ಕಿಗೆ ಬಿದ್ದ ಪೆಟ್ಟಿಗೂ ತೂಕ ಸರಿಹೋಗುತ್ತದೆಯೇ? ಬಹುಪಾಲು ಸರ್ಕಾರಿ ಆದೇಶಗಳು ಮೊದಲ ಎರಡನ್ನು ಸುಲಭವಾಗಿ ದಾಟುತ್ತವೆ. ಸಿಕ್ಕಿಬೀಳುವುದು ಮೂರನೆಯದರಲ್ಲಿ.

ಇವೆರಡರ ನಡುವಿನ ವ್ಯತ್ಯಾಸವನ್ನು ಒಂದೇ ಸಾಲಿನಲ್ಲಿ ಹೇಳು ಅಂದರೆ ನಾನು ಹೇಳುವುದು ಇಷ್ಟು: ತಕ್ಕಡಿ ಯಾರ ಕೈಯಲ್ಲಿದೆ? ಅಸಮಂಜಸತೆಯಲ್ಲಿ ತಕ್ಕಡಿ ಅಧಿಕಾರಿಯ ಕೈಯಲ್ಲೇ ಇರುತ್ತದೆ. ಅವರು ತೂಗಿದ್ದು ಲೆಕ್ಕಕ್ಕೇ ಸಿಗದಷ್ಟು ಕೆಟ್ಟದ್ದಾ ಅಂತ ಮಾತ್ರ ಕೋರ್ಟ್ ನೋಡುತ್ತದೆ. ಪ್ರಮಾಣಬದ್ಧತೆಯಲ್ಲಿ ಕೋರ್ಟೇ ತೂಗಿ ನೋಡುತ್ತದೆ. ಹಾಗಾಗಿ ಸಮರ್ಥನೆಯ ಭಾರವೂ ಜಾಗ ಬದಲಿಸುತ್ತದೆ. ಮೊದಲನೆಯದರಲ್ಲಿ ಆದೇಶ ಕೆಟ್ಟದ್ದು ಅಂತ ಅರ್ಜಿದಾರರೇ ತೋರಿಸಬೇಕು. ಎರಡನೆಯದರಲ್ಲಿ ಹಕ್ಕಿಗೆ ಪೆಟ್ಟು ಬಿದ್ದಿದೆ ಅಂತ ತೋರಿಸಿದ ಮೇಲೆ, ಇಷ್ಟು ಕಠಿಣ ಕ್ರಮ ಯಾಕೆ ಬೇಕಾಯಿತು ಅಂತ ಸರ್ಕಾರ ಹೇಳಬೇಕು.

ಹಾಗಂತ ಎಲ್ಲ ಕೇಸಿಗೂ ಪ್ರಮಾಣಬದ್ಧತೆ ಹಾಕಲು ಆಗುವುದಿಲ್ಲ. ಇದಕ್ಕೆ 2000ದ ಓಂ ಕುಮಾರ್ ತೀರ್ಪನ್ನು ಚೆನ್ನಾಗಿ ತಿಳಿದುಕೊಳ್ಳಿ. ಆಡಳಿತದ ಕ್ರಮ 19 ಅಥವಾ 21ನೇ ವಿಧಿಯ ಸ್ವಾತಂತ್ರ್ಯವನ್ನು ಮುಟ್ಟಿದರೆ ಪ್ರಮಾಣಬದ್ಧತೆ. 14ನೇ ವಿಧಿಯಲ್ಲಿ ಎರಡು ಕವಲಿದೆ. ನನಗೊಂದು, ಪಕ್ಕದವನಿಗೊಂದು ಅಂತ ತಾರತಮ್ಯದ ದೂರು ಇದ್ದರೆ ಆಗಲೂ ಪ್ರಮಾಣಬದ್ಧತೆ. ಆದೇಶ ಮನಸೋಇಚ್ಛೆಯದು ಅನ್ನುವುದಷ್ಟೇ ದೂರಾಗಿದ್ದರೆ ವೆಡ್ನೆಸ್‌ಬರಿ. ಇಲಾಖಾ ಶಿಕ್ಷೆಯ ಕೇಸುಗಳು ಸಾಮಾನ್ಯವಾಗಿ ಈ ಕೊನೆಯ ಗುಂಪಿಗೆ ಸೇರುತ್ತವೆ.

ಇಲ್ಲಿ ಒಂದು ಗುಂಡಿ ಇದೆ. ಬಹಳ ಉತ್ತರಗಳು ಅದರಲ್ಲಿ ಬೀಳುತ್ತವೆ. 1987ರ ರಂಜಿತ್ ಠಾಕೂರ್ ಕೇಸನ್ನು ಎಲ್ಲರೂ ಬರೆಯುತ್ತಾರೆ. ಊಟ ಮಾಡು ಅಂತ ಮೇಲಧಿಕಾರಿ ಕೊಟ್ಟ ಆಜ್ಞೆಯನ್ನು ಒಬ್ಬ ಸೈನಿಕ ಪಾಲಿಸಲಿಲ್ಲ. ಅದಕ್ಕೆ ಒಂದು ವರ್ಷದ ಜೈಲು, ಜೊತೆಗೆ ಸೇನೆಯಿಂದ ವಜಾ. ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ತೀರ್ಪು ಬರೆದವರು ನಮ್ಮ ರಾಜ್ಯದವರೇ ಆದ ನ್ಯಾಯಮೂರ್ತಿ ಎಂ.ಎನ್. ವೆಂಕಟಾಚಲಯ್ಯ. ಅಲ್ಲಿ ಪ್ರಮಾಣಬದ್ಧತೆಯ ಹೆಸರು ಬಂದಿದೆ, ನಿಜ. ಆದರೆ ಅಳತೆ ಯಾವುದು? ಶಿಕ್ಷೆ ಮನಸ್ಸಾಕ್ಷಿಗೆ ಆಘಾತ ಕೊಡುವಷ್ಟು ಅತಿಯಾಗಿದೆಯೇ ಅನ್ನೋದು. 1995ರ ಬಿ.ಸಿ. ಚತುರ್ವೇದಿ ಕೇಸಿನಲ್ಲೂ ಅದೇ ಅಳತೆ. ಇದು ನಾಲ್ಕು ಮೆಟ್ಟಿಲಿನ ತೂಕ ಅಲ್ಲ. ಮಿತಿ ಎತ್ತರದಲ್ಲಿರುವ ಅಸಮಂಜಸತೆಯ ಅಳತೆಗೇ ಹತ್ತಿರ. ಹಾಗಾಗಿ ಇಲಾಖಾ ಶಿಕ್ಷೆಯ ಪ್ರಶ್ನೆ ಬಂದಾಗ ‘ಕಡಿಮೆ ಪೆಟ್ಟಿನ ದಾರಿ ಇತ್ತು’ ಅಂತಷ್ಟೇ ಬರೆದು ಗೆದ್ದೆ ಅಂದುಕೊಳ್ಳಬೇಡಿ.

ನಮ್ಮ ಕೆಎಸ್‌ಆರ್‌ಟಿಸಿಯ ಕೇಸೇ ಇದಕ್ಕೆ ಸಾಕ್ಷಿ. 2001ರಲ್ಲಿ ಹುಳ್ಳಿಕಟ್ಟಿ ಅನ್ನುವ ಕೇಸಿನಲ್ಲಿ ಟಿಕೆಟ್ ಹಣದ ವಿಷಯದಲ್ಲಿ ಮೋಸ ಮಾಡಿದ ಕಂಡಕ್ಟರ್‌ನ ವಜಾವನ್ನು ಸುಪ್ರೀಂ ಕೋರ್ಟ್ ಎತ್ತಿ ಹಿಡಿಯಿತು. ಕಡಿಮೆ ಶಿಕ್ಷೆ ಕೊಡಬಹುದಿತ್ತು ಅನ್ನುವ ವಾದ ನಿಲ್ಲಲಿಲ್ಲ. ಕಂಡಕ್ಟರ್ ಕೆಲಸ ನಂಬಿಕೆಯ ಕೆಲಸ, ನಂಬಿಕೆ ಹೋದ ಮೇಲೆ ವಜಾ ಅತಿಯಾಗುವುದಿಲ್ಲ ಅನ್ನೋದು ತಿರುಳು. ಹಣದ ಮೊತ್ತ ಎಷ್ಟು ಚಿಕ್ಕದು ಅನ್ನೋದನ್ನೇ ಹಿಡಿದು ಕೂತರೆ ಈ ಕೇಸು ಅರ್ಥವಾಗುವುದಿಲ್ಲ.

ಇನ್ನು ಒಂದು ಕಲ್ಪಿತ ಸಂಗತಿ ತೆಗೆದುಕೊಂಡು ಎರಡನ್ನೂ ಹಚ್ಚಿ ನೋಡೋಣ. ಚಿಕ್ಕಮಗಳೂರು ತಾಲ್ಲೂಕಿನ ಒಂದು ಕಾಫಿ ತೋಟದಲ್ಲಿ ಒಬ್ಬ ಹೆಂಗಸು ಹೋಂಸ್ಟೇ ನಡೆಸುತ್ತಾರೆ. ನೋಂದಣಿ ಇದೆ. ಒಂದು ಶನಿವಾರ ಅತಿಥಿಗಳು ರಾತ್ರಿ ಹನ್ನೊಂದೂವರೆವರೆಗೆ ಸ್ಪೀಕರ್ ಹಾಕಿ ಗಲಾಟೆ ಮಾಡಿದರು. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಧ್ವನಿವರ್ಧಕಕ್ಕೆ ನಿರ್ಬಂಧ ಇರುವುದು ಎಲ್ಲರಿಗೂ ಗೊತ್ತು. ಪಕ್ಕದ ತೋಟದವರು ದೂರು ಕೊಟ್ಟರು. ಅಧಿಕಾರಿ ನೋಟಿಸ್ ಕೊಟ್ಟರು. ಆಕೆ ಉತ್ತರದಲ್ಲಿ ತಪ್ಪು ಒಪ್ಪಿಕೊಂಡರು, ಇದು ಮೊದಲ ಸಲ ಅಂದರು. ನಿಯಮದಲ್ಲಿ ಎಚ್ಚರಿಕೆ, ದಂಡ, ತಾತ್ಕಾಲಿಕ ಅಮಾನತು, ರದ್ದು ಅಂತ ನಾಲ್ಕು ದಾರಿ ಇದೆ ಅಂದುಕೊಳ್ಳಿ. ಅಧಿಕಾರಿ ನೇರವಾಗಿ ನೋಂದಣಿ ರದ್ದು ಮಾಡಿದರು. ಐದು ವರ್ಷ ಮತ್ತೆ ಅರ್ಜಿ ಹಾಕುವ ಹಾಗಿಲ್ಲ ಅಂದರು. ಹಾಗೆ ಹೇಳುವ ಅಧಿಕಾರವೂ ನಿಯಮದಲ್ಲಿದೆ ಅಂತಲೇ ಇಟ್ಟುಕೊಳ್ಳೋಣ. ಕಾರಣ ಬರೆದಿದ್ದು ಒಂದೇ ಸಾಲು: ರಾತ್ರಿ ಶಬ್ದದಿಂದ ಸಾರ್ವಜನಿಕರ ನೆಮ್ಮದಿ ಕೆಟ್ಟಿದೆ.

ಅಸಮಂಜಸತೆ ಹಚ್ಚಿದರೆ ಏನಾಗುತ್ತದೆ? ಅಧಿಕಾರ ಇದೆ. ನೋಟಿಸ್ ಕೊಟ್ಟಿದ್ದಾರೆ. ಶಬ್ದ, ದೂರು, ನೆರೆಯವರ ನೆಮ್ಮದಿ, ಇವೆಲ್ಲ ನೋಡಬೇಕಾದ ಸಂಗತಿಗಳೇ. ಆದೇಶ ಕಠಿಣವಾಗಿದೆ. ಆದರೆ ಹೋಂಸ್ಟೇಗಳ ಗಲಾಟೆ ಹೆಚ್ಚಾಗಿರುವ ಕಡೆ ಒಬ್ಬ ಅಧಿಕಾರಿ ಬಿಗಿಯಾಗಿ ನಡೆದುಕೊಂಡದ್ದು ‘ಯಾರೂ ಮಾಡಲಾರದ್ದು’ ಅಂತ ಹೇಳುವುದು ಕಷ್ಟ. ಈ ಪರೀಕ್ಷೆಯಲ್ಲಿ ಆದೇಶ ಉಳಿದುಕೊಳ್ಳುವ ಸಾಧ್ಯತೆಯೇ ಜಾಸ್ತಿ.

ಪ್ರಮಾಣಬದ್ಧತೆ ಹಚ್ಚಿ. ಹೋಂಸ್ಟೇ ನಡೆಸುವುದು ಆಕೆಯ ಉದ್ಯೋಗ. 19ನೇ ವಿಧಿಯ ಒಂದನೇ ಖಂಡದ ಜಿ ಉಪಖಂಡ ಅದನ್ನು ಕಾಯುತ್ತದೆ. ಹಾಗಾಗಿ ಬಾಗಿಲು ತೆರೆಯಿತು. ಉದ್ದೇಶ ಸರಿ. ರದ್ದು ಮಾಡಿದರೆ ಶಬ್ದ ನಿಲ್ಲುತ್ತದೆ, ಸಂಬಂಧವೂ ಇದೆ. ಮೂರನೆಯ ಮೆಟ್ಟಿಲಿಗೆ ಬಂದಾಗ ಆದೇಶ ತಡವರಿಸುತ್ತದೆ. ನಿಯಮವೇ ದಂಡ ಮತ್ತು ಅಮಾನತನ್ನು ಇಟ್ಟಿದೆ. ಮೊದಲ ತಪ್ಪಿಗೆ ಅವು ಯಾಕೆ ಸಾಲುವುದಿಲ್ಲ ಅಂತ ಆದೇಶದಲ್ಲಿ ಒಂದು ಮಾತೂ ಇಲ್ಲ. ನಾಲ್ಕನೆಯದರಲ್ಲಿ, ಒಂದು ರಾತ್ರಿಯ ಒಂದೂವರೆ ಗಂಟೆಯ ಶಬ್ದ ಒಂದು ಕಡೆ, ಐದು ವರ್ಷದ ಜೀವನೋಪಾಯ ಇನ್ನೊಂದು ಕಡೆ. ತೂಕ ಸರಿಹೋಗುವುದಿಲ್ಲ. ಇಲ್ಲಿ ಆದೇಶ ಬೀಳುವ ಸಾಧ್ಯತೆ ಚೆನ್ನಾಗಿದೆ.

ಆಮೇಲೆ ಸರ್ಕಾರದ ವಕೀಲರು ಅಫಿಡವಿಟ್‌ನಲ್ಲಿ ಹೊಸ ಕಾರಣ ಸೇರಿಸಿದರೆ? ‘ದಂಡದ ಬಗ್ಗೆಯೂ ಯೋಚಿಸಿದ್ದೆವು’ ಅಂದರೆ? 1977ರಲ್ಲಿ ತೀರ್ಪಾದ ಮೊಹಿಂದರ್ ಸಿಂಗ್ ಗಿಲ್ ಕೇಸು ಅಲ್ಲಿ ಕೆಲಸಕ್ಕೆ ಬರುತ್ತದೆ. ಆದೇಶ ತನ್ನೊಳಗೆ ಬರೆದ ಕಾರಣಗಳ ಮೇಲೇ ನಿಲ್ಲಬೇಕು. ಆಮೇಲೆ ಕಾರಣ ತಂದು ಊರುಗೋಲು ಕೊಡುವ ಹಾಗಿಲ್ಲ. ಮೂರನೆಯ ಮೆಟ್ಟಿಲಿನ ವಾದಕ್ಕೆ ಇದಕ್ಕಿಂತ ಒಳ್ಳೆಯ ಜೊತೆ ಇಲ್ಲ.

ಈಗ ಸಂಗತಿಯನ್ನು ಸ್ವಲ್ಪ ಬದಲಿಸಿ. ಅಧಿಕಾರಿ ಆದೇಶದಲ್ಲಿ ಇನ್ನೊಂದು ಸಾಲು ಬರೆದಿದ್ದಾರೆ: ಈ ಭಾಗದಲ್ಲಿ ಹೋಂಸ್ಟೇಗಳು ಈಗಾಗಲೇ ಜಾಸ್ತಿಯಾಗಿವೆ. ಶಬ್ದದ ತಪ್ಪಿಗೆ ಶಿಕ್ಷೆ ಕೊಡುವಾಗ ಊರಿನಲ್ಲಿ ಎಷ್ಟು ಹೋಂಸ್ಟೇ ಇವೆ ಅನ್ನೋದು ನೋಡುವ ವಿಷಯವೇ ಅಲ್ಲ. ಇಲ್ಲಿ ನಾಲ್ಕು ಮೆಟ್ಟಿಲು ಹತ್ತುತ್ತಾ ಕೂರುವುದು ಬೇಡ. ನೋಡಬಾರದ್ದನ್ನು ನೋಡಿದ್ದಾರೆ ಅಂತ ವೆಡ್ನೆಸ್‌ಬರಿಯನ್ನು ಮುಂದಿಡಿ. ಎರಡೇ ಪ್ಯಾರಾ ಸಾಕು. ಹಕ್ಕಿನ ಚರ್ಚೆಯೂ ಬೇಕಾಗುವುದಿಲ್ಲ, ತೂಕದ ಚರ್ಚೆಯೂ ಬೇಕಾಗುವುದಿಲ್ಲ.

ಇನ್ನೊಮ್ಮೆ ಬದಲಿಸಿ. ಅದೇ ತಿಂಗಳು, ಅದೇ ತಪ್ಪಿಗೆ, ಇನ್ನೊಂದು ಹೋಂಸ್ಟೇಗೆ ಬರೀ ದಂಡ ಹಾಕಿ ಬಿಟ್ಟಿದ್ದಾರೆ. ಈಗ ದೂರು ತಾರತಮ್ಯದ್ದು. ಓಂ ಕುಮಾರ್ ಪ್ರಕಾರ ಕೋರ್ಟ್ ತಾನೇ ತೂಗಿ ನೋಡಬಹುದು. ಅಷ್ಟೇ ಅಲ್ಲ, ದಂಡ ಸಾಕಾಗುತ್ತದೆ ಅನ್ನೋದಕ್ಕೆ ಇಲಾಖೆಯ ಕಾಗದವೇ ಸಾಕ್ಷಿಯಾಯಿತು.

ಕಾಗದದ ಮಾತು ಬಂದಿದ್ದರಿಂದ ಖರ್ಚು, ಸಮಯದ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಅಸಮಂಜಸತೆಗೆ ಆದೇಶದ ಪ್ರತಿ, ನೋಟಿಸ್, ಉತ್ತರ, ನಿಯಮದ ಪುಸ್ತಕ ಇದ್ದರೆ ಬಹುಪಾಲು ಆಯಿತು. ಪ್ರಮಾಣಬದ್ಧತೆಗೆ ಹೆಚ್ಚು ಸಾಮಗ್ರಿ ಬೇಕು. ಇಂಥ ತಪ್ಪಿಗೆ ಹಿಂದೆ ಏನು ಮಾಡಿದ್ದಾರೆ, ಆಕೆಯ ಮೇಲೆ ಹಳೆಯ ದೂರು ಇದೆಯಾ, ಬ್ಯಾಂಕ್ ಸಾಲ ಎಷ್ಟಿದೆ, ಕುಟುಂಬಕ್ಕೆ ಬೇರೆ ಆದಾಯ ಇದೆಯಾ. ಇಲಾಖೆಯ ಹಳೆಯ ಆದೇಶಗಳನ್ನು ಹತ್ತು ರೂಪಾಯಿಯ ಆರ್‌ಟಿಐ ಅರ್ಜಿಯಲ್ಲಿ ಕೇಳಬಹುದು. ಉತ್ತರಕ್ಕೆ ಮೂವತ್ತು ದಿನದ ಗಡುವು ಇದೆ. ಬಾಗಿಲಿಗೆ ಬೀಗ ಬಿದ್ದವರಿಗೆ ಮೂವತ್ತು ದಿನ ಬಹಳ ದೊಡ್ಡದು. ಅಂಥವರಿಗೆ ನಾನು ಹೇಳುವುದು, ಕೈಯಲ್ಲಿರುವ ಕಾಗದದ ಮೇಲೆ ಅರ್ಜಿ ಹಾಕಿ, ತಡೆಯಾಜ್ಞೆ ಕೇಳಿ, ಉಳಿದದ್ದನ್ನು ಆಮೇಲೆ ದಾಖಲಿಸಿ. ಹಾಸನ, ಚಿಕ್ಕಮಗಳೂರಿನ ರಿಟ್ ಅರ್ಜಿಗಳು ಬೆಂಗಳೂರಿನ ಪ್ರಧಾನ ಪೀಠಕ್ಕೇ ಹೋಗುವುದರಿಂದ ಓಡಾಟದ ಖರ್ಚೂ ಇದ್ದೇ ಇದೆ. ಅದಕ್ಕೂ ಮೊದಲು ನಿಯಮದಲ್ಲಿ ಮೇಲ್ಮನವಿಗೆ ಅವಕಾಶ ಇದೆಯಾ ನೋಡಿ. ಮೇಲ್ಮನವಿ ಕೇಳುವ ಅಧಿಕಾರಿಗೆ ಸಾಮಾನ್ಯವಾಗಿ ಶಿಕ್ಷೆಯನ್ನೇ ಇಳಿಸುವ ಅಧಿಕಾರ ಇರುತ್ತದೆ. ಅಲ್ಲಿ ಈ ಎರಡು ಪರೀಕ್ಷೆಗಳ ಗೋಜೇ ಬೇಡ. ಜಾಸ್ತಿಯಾಯಿತು ಅಂತ ನೇರವಾಗಿ ಕೇಳಬಹುದು.

ಪ್ರಮಾಣಬದ್ಧತೆ ಹಚ್ಚಿದ ಕೂಡಲೇ ಅರ್ಜಿದಾರರು ಗೆಲ್ಲುತ್ತಾರೆ ಅನ್ನುವ ಭ್ರಮೆಯೂ ಬೇಡ. 2010ರ ಕೆ. ಶ್ಯಾಮ್ ಕುಮಾರ್ ಕೇಸು ನೋಡಿ. ರೈಲ್ವೆಯ ಗ್ರೂಪ್ ಡಿ ನೇಮಕಾತಿಯ ಲಿಖಿತ ಪರೀಕ್ಷೆಯಲ್ಲಿ ಸಾಮೂಹಿಕ ನಕಲು, ಬೇರೆಯವರ ಹೆಸರಿನಲ್ಲಿ ಬರೆದದ್ದು, ಇಂಥ ಆರೋಪಗಳು ಬಂದವು. ನೇಮಕಾತಿ ಮಂಡಳಿ ಮರುಪರೀಕ್ಷೆಗೆ ಆದೇಶ ಮಾಡಿತು. ತಪ್ಪು ಮಾಡದವರೂ ಮತ್ತೆ ಬರೆಯಬೇಕಾಯಿತು. ಸಂಶಯ ಇದ್ದವರನ್ನಷ್ಟೇ ಬಿಟ್ಟು ಉಳಿದವರನ್ನು ತೆಗೆದುಕೊಳ್ಳಬಹುದಿತ್ತಲ್ಲ ಅನ್ನೋದು ವಾದ. ಸುಪ್ರೀಂ ಕೋರ್ಟ್ ಮರುಪರೀಕ್ಷೆಯನ್ನು ಎತ್ತಿ ಹಿಡಿಯಿತು. ಇದ್ದ ದಾರಿಗಳಲ್ಲಿ ಮಂಡಳಿ ಆರಿಸಿದ್ದು ಸರಿಯಾದದ್ದೇ ಅಂದಿತು. ಅದೇ ತೀರ್ಪಿನಲ್ಲಿ, ಪ್ರಮಾಣಬದ್ಧತೆ ಹೆಚ್ಚು ಖಚಿತವಾದ ಪರೀಕ್ಷೆ ಅಂತ ಒಪ್ಪಿಕೊಂಡರೂ ವೆಡ್ನೆಸ್‌ಬರಿ ಸತ್ತಿಲ್ಲ ಅಂತ ಸ್ಪಷ್ಟವಾಗಿ ಹೇಳಿತು. ಚಿಕ್ಕ ಉತ್ತರದಲ್ಲಿ ಒಂದೇ ಭಾರತೀಯ ಕೇಸಿಗೆ ಜಾಗ ಇದ್ದರೆ ನಾನು ಬರೆಯುವುದು ಇದನ್ನು. ಎರಡಕ್ಕೆ ಜಾಗ ಇದ್ದರೆ ಓಂ ಕುಮಾರ್ ಕೂಡ.

ಒಂದು ಪುಟದಲ್ಲಿ ಬರೆಯುವುದಾದರೆ ಉತ್ತರ ಹೀಗಿರಬಹುದು:

‘ಅಸಮಂಜಸತೆ ಮತ್ತು ಪ್ರಮಾಣಬದ್ಧತೆ ಎರಡೂ ಆಡಳಿತದ ತೀರ್ಮಾನವನ್ನು ಪರಿಶೀಲಿಸುವ ಆಧಾರಗಳು. 1947ರ ವೆಡ್ನೆಸ್‌ಬರಿ ತೀರ್ಪಿನ ಪ್ರಕಾರ, ಅಧಿಕಾರಿ ನೋಡಬೇಕಾದದ್ದನ್ನು ಬಿಟ್ಟರೆ, ನೋಡಬಾರದ್ದನ್ನು ನೋಡಿದರೆ, ಅಥವಾ ವಿವೇಕ ಇರುವ ಯಾವ ಅಧಿಕಾರಿಯೂ ಬರಲಾರದ ತೀರ್ಮಾನಕ್ಕೆ ಬಂದರೆ ಮಾತ್ರ ಕೋರ್ಟ್ ಮಧ್ಯೆ ಬರುತ್ತದೆ. ತೂಗುವ ಕೆಲಸ ಅಧಿಕಾರಿಯದೇ. ಪ್ರಮಾಣಬದ್ಧತೆಯಲ್ಲಿ ಉದ್ದೇಶ, ಸಂಬಂಧ, ಅಗತ್ಯ, ಸಮತೂಕ ಈ ನಾಲ್ಕನ್ನು ಕೋರ್ಟೇ ಪರೀಕ್ಷಿಸುತ್ತದೆ. ಕ್ರಮವನ್ನು ಸಮರ್ಥಿಸುವ ಭಾರ ಸರ್ಕಾರದ ಮೇಲಿರುತ್ತದೆ. ಓಂ ಕುಮಾರ್ ತೀರ್ಪಿನಂತೆ ಮೂಲಭೂತ ಸ್ವಾತಂತ್ರ್ಯ ಅಥವಾ ತಾರತಮ್ಯದ ಪ್ರಶ್ನೆ ಇದ್ದಲ್ಲಿ ಪ್ರಮಾಣಬದ್ಧತೆ, ಮನಸೋಇಚ್ಛೆಯ ಆರೋಪ ಮಾತ್ರ ಇದ್ದಲ್ಲಿ ವೆಡ್ನೆಸ್‌ಬರಿ. ಶ್ಯಾಮ್ ಕುಮಾರ್ ತೀರ್ಪಿನಂತೆ ಎರಡೂ ಜೀವಂತ. ಎರಡರಲ್ಲೂ ಕೋರ್ಟ್ ಮೇಲ್ಮನವಿ ಪ್ರಾಧಿಕಾರ ಆಗುವುದಿಲ್ಲ.’

ಇದರ ಕೆಳಗೆ ಪ್ರಶ್ನೆಯ ಸಂಗತಿಗೆ ಹಚ್ಚಿ ನಾಲ್ಕು ಸಾಲು ಬರೆದರೆ ಆಯಿತು. ಇಂಗ್ಲೆಂಡಿನ ಇತಿಹಾಸ ಬರೆಯುತ್ತಾ ಕೂತರೆ ಜಾಗ ಹೋಗುತ್ತದೆ. ಉದ್ದದ ಪ್ರಶ್ನೆ ಆಗಿದ್ದರೆ ಮಾತ್ರ, 1991ರ ಬ್ರಿಂಡ್ ಕೇಸಿನಲ್ಲಿ ಅಲ್ಲಿನ ಉನ್ನತ ನ್ಯಾಯಪೀಠ ಪ್ರಮಾಣಬದ್ಧತೆಯನ್ನು ಪ್ರತ್ಯೇಕ ಆಧಾರವಾಗಿ ಒಪ್ಪದೆ, 2001ರ ಡೇಲಿ ಕೇಸಿನಲ್ಲಿ ಹಕ್ಕುಗಳ ವಿಷಯಕ್ಕೆ ಒಪ್ಪಿಕೊಂಡದ್ದನ್ನು ಸೇರಿಸಿ.

ಎರಡನ್ನೂ ಒಟ್ಟಿಗೆ ಹಿಡಿಯಬಹುದಾ ಅನ್ನುವವರಿಗೆ: ಅರ್ಜಿಯಲ್ಲಿ ಹಿಡಿಯಬಹುದು, ಒಂದಾದ ಮೇಲೆ ಒಂದರಂತೆ. ಹಕ್ಕು ಇದ್ದರೆ ಪ್ರಮಾಣಬದ್ಧತೆ ಮೊದಲು, ಅದಿಲ್ಲದಿದ್ದರೂ ಅಸಮಂಜಸ ಅಂತ ಎರಡನೆಯದು. ಟೆಂಡರ್ ಕೇಸಿನಲ್ಲಿ ಹಾಗೆ ಮಾಡುವುದರಿಂದ ಹೆಚ್ಚು ಉಪಯೋಗ ಇಲ್ಲ. 1994ರ ಟಾಟಾ ಸೆಲ್ಯುಲರ್ ತೀರ್ಪು ಅಲ್ಲಿ ಕೋರ್ಟಿಗೆ ಸಂಯಮ ಹೇಳಿಕೊಟ್ಟಿದೆ. ತೀರ್ಮಾನ ತೆಗೆದುಕೊಂಡ ರೀತಿಯಲ್ಲಿ ತಪ್ಪು ಹುಡುಕುವುದೇ ಅಲ್ಲಿ ಒಳ್ಳೆಯದು.

ಗೆದ್ದರೆ ಏನು ಸಿಗುತ್ತದೆ ಅನ್ನೋದನ್ನೂ ಕಕ್ಷಿದಾರರಿಗೆ ಮೊದಲೇ ಹೇಳಿ. ಯಾವ ಆಧಾರದಲ್ಲಿ ಗೆದ್ದರೂ ಕೋರ್ಟ್ ಸಾಮಾನ್ಯವಾಗಿ ಆದೇಶ ರದ್ದು ಮಾಡಿ, ಮತ್ತೆ ಯೋಚಿಸಿ ಅಂತ ಅಧಿಕಾರಿಗೇ ವಾಪಸ್ ಕಳಿಸುತ್ತದೆ. ಶಿಕ್ಷೆಯನ್ನು ತಾನೇ ಬದಲಿಸುವುದು ಅಪರೂಪ. ಆದರೆ ವಾಪಸ್ ಹೋದ ಮೇಲೆ ವ್ಯತ್ಯಾಸ ಕಾಣುತ್ತದೆ. ನೋಡಬಾರದ್ದನ್ನು ನೋಡಿದ್ದಾರೆ ಅಂತ ಗೆದ್ದಿದ್ದರೆ, ಅಧಿಕಾರಿ ಆ ಒಂದು ಸಾಲು ತೆಗೆದು ಅದೇ ರದ್ದತಿಯನ್ನು ಮತ್ತೆ ಬರೆಯಬಹುದು. ಪ್ರಮಾಣ ಮೀರಿದೆ ಅಂತ ಗೆದ್ದಿದ್ದರೆ, ಅದೇ ಸಂಗತಿಯ ಮೇಲೆ ಅದೇ ಐದು ವರ್ಷವನ್ನು ಮತ್ತೆ ಹಾಕುವುದು ಅವರಿಗೆ ಕಷ್ಟ. ಬೇಗ ಗೆಲ್ಲುವ ಆಧಾರ ಬೇಕೋ, ಗೆದ್ದದ್ದು ಉಳಿಯುವ ಆಧಾರ ಬೇಕೋ ಅನ್ನೋದನ್ನು ಹೋಂಸ್ಟೇಯ ಒಡತಿಯ ಜೊತೆ ಕೂತು, ಅರ್ಜಿ ಟೈಪ್ ಮಾಡಿಸುವ ಮೊದಲೇ ತೀರ್ಮಾನಿಸಿಕೊಳ್ಳಿ.